ಶೇಳಪುರ ಯಾವ ವರ್ಗದ್ದು

ರಂಜನಾಳ ಪಟ್ಟಿಯಲ್ಲಿ ತಪ್ಪು ಸಿಕ್ಕಿದಾಗ ನನಗೆ ಎಷ್ಟು ಸಂತೋಷವಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಒಳ್ಳೆಯವಳು ಅನ್ನಿಸಿಕೊಳ್ಳುವ ವಯಸ್ಸು ನನ್ನದಲ್ಲ, ಐವತ್ತಾರು ಆಯಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಇಟ್ಟರೆ ಉರಿ ಕಡಿಮೆಯಾಗುವುದಿಲ್ಲ.

ನಮ್ಮ ಆಫೀಸು ಮುಂಬೈಯ ಸಯನ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿದೆ, ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ. ಊರುಗಳನ್ನು ಅಧ್ಯಯನ ಮಾಡುವ ಒಂದು ಚಿಕ್ಕ ಸಂಸ್ಥೆ. ಅಂಕಿಅಂಶ ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಹಿಂದಿನ ಮುಖ್ಯಸ್ಥರು ನಿವೃತ್ತರಾದ ಮೇಲೆ ಎರಡು ವರ್ಷದಿಂದ ಉಸ್ತುವಾರಿ ನನ್ನದೇ. ಆದರೆ ಕಾಗದದಲ್ಲಿ ಮಾತ್ರ ಇನ್ನೂ 'ಹಂಗಾಮಿ' ಮುಖ್ಯಸ್ಥೆ. ಆ ಪದವನ್ನು ಅಳಿಸುವುದೋ, ಇನ್ನೊಬ್ಬರನ್ನು ತಂದು ಕೂರಿಸುವುದೋ ಎಂಬುದನ್ನು ಶುಕ್ರವಾರದ ಮೀಟಿಂಗಿನಲ್ಲಿ ಹೇಳುತ್ತೇನೆ ಎಂದಿದ್ದರು ನಿರ್ದೇಶಕಿ ವೈಶಾಲಿ ಮೇಡಂ. ಹೊಸ ಜನಗಣತಿಯ ಕೆಲಸ ಶುರುವಾಗುವ ವರ್ಷ. ಆ ಅಂಕಿಗಳು ಬಂದಾಗ ವಿಭಾಗ ಯಾರ ಕೈಯಲ್ಲಿರುತ್ತದೆ ಎಂಬುದು ಚಿಕ್ಕ ವಿಷಯವಲ್ಲ. ನನ್ನ ಮಟ್ಟಿಗಂತೂ ಅದೊಂದೇ ವಿಷಯ.

ಇನ್ನೊಬ್ಬರು ಎಂದರೆ ರಂಜನಾ. ಬಂದು ಮೂರು ವರ್ಷವಾಗಿತ್ತು, ವಯಸ್ಸು ಇಪ್ಪತ್ತೊಂಬತ್ತು. ಅಪ್ಪ ಅಣವೀರಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕುರ್ಲಾದ ಚಾಳಿನ ಒಂದು ಕೋಣೆಯಲ್ಲಿ ನಿಂತವರು. ಈ ಹುಡುಗಿ ಅದೇ ಚಾಳಿನಲ್ಲಿ ಓದಿ, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ನಮ್ಮಲ್ಲಿಗೆ ಬಂದಳು. ಮೊದಲ ದಿನವೇ ನಾನು ಕನ್ನಡದವಳು ಎಂದು ಗೊತ್ತಾಗಿ ಮುಖ ಅರಳಿಸಿ, "ಅಕ್ಕಾರ, ನೀವು ನಮ್ಮವರ ಅನ್ರಿ ಹಂಗಾರ!" ಎಂದಿದ್ದಳು. ನಮ್ಮದು ಉಡುಪಿ ಕಡೆ, ಅವಳದು ವಿಜಯಪುರ, ನಡುವೆ ಅರ್ಧ ಕರ್ನಾಟಕವೇ ಇದೆ. ಆದರೂ ಆಗ ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೆಲಸ ಕಲಿಸಿದವಳು ನಾನೇ. ಊರುಗಳ ವರ್ಗ ಹೇಗೆ ಹಾಕುವುದು ಎಂದು ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟಿದ್ದೆ. ಒಂದು ಲಕ್ಷ ಜನ ಮತ್ತು ಅದಕ್ಕಿಂತ ಮೇಲಿದ್ದರೆ ಒಂದನೇ ವರ್ಗ. ಐವತ್ತು ಸಾವಿರದಿಂದ ಲಕ್ಷದೊಳಗೆ ಎರಡನೆಯದು. ಇಪ್ಪತ್ತು ಸಾವಿರದಿಂದ ಐವತ್ತರೊಳಗೆ ಮೂರು. ಹತ್ತರಿಂದ ಇಪ್ಪತ್ತರೊಳಗೆ ನಾಲ್ಕು. ಐದರಿಂದ ಹತ್ತರೊಳಗೆ ಐದು. ಐದು ಸಾವಿರಕ್ಕಿಂತ ಕೆಳಗಿನ ಪುಟ್ಟ ಪಟ್ಟಣಗಳೆಲ್ಲ ಆರನೇ ವರ್ಗ. ಅವಳು ಹೆಬ್ಬೆರಳಿನಿಂದ ಬೆರಳ ಗೆರೆಗಳನ್ನು ಎಣಿಸಿಕೊಳ್ಳುತ್ತ ಕೇಳಿದ್ದಳು, "ಅಂದ್ರ ನಮ್ಮ ಮುಂಬೈನೂ, ಲಕ್ಷಕ್ಕ ಒಬ್ಬ ಹೆಚ್ಚಿಗಿರೋ ಊರೂ, ಎರಡೂ ಒಂದ ಕ್ಲಾಸಿನ್ಯಾಗ ಕುಂದರತಾವೇನ್ರಿ?"

"ಕೂರ್ತಾವೆ ಮಾರಾಯ್ತಿ. ಹತ್ತು ಲಕ್ಷ ದಾಟಿದವಕ್ಕೆ ಬೇರೆ ಪಟ್ಟಿಯೂ ಉಂಟು. ಆದ್ರೆ ವರ್ಗ ಒಂದೇ."

"ಮುಂಬೈಗೆ ಸಿಟ್ಟು ಬರೂದಿಲ್ಲೇನ್ರಿ?" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಆಮೇಲೆ ಆ ನಗು ಕಡಿಮೆಯಾಯಿತು. ರಾಜ್ಯದ ಐನೂರಕ್ಕೂ ಹೆಚ್ಚು ಪಟ್ಟಣಗಳನ್ನು ನಾನು ಒಂದು ಕಾಲದಲ್ಲಿ ರಟ್ಟಿನ ಕಾರ್ಡುಗಳಲ್ಲಿ ಬರೆದು, ಮೇಜಿನ ಮೇಲೆ ಆರು ಗುಡ್ಡೆ ಮಾಡಿ, ಹದಿನೈದು ದಿನ ಕೂತು ವಿಂಗಡಿಸಿದ್ದೆ. ಇವಳು ಅದನ್ನು ಚಹಾ ಆರುವಷ್ಟರಲ್ಲಿ ಮಾಡುತ್ತಾಳೆ. ವೈಶಾಲಿ ಮೇಡಂ ಅವಳ ಕುರ್ಚಿಯ ಹಿಂದೆ ನಿಂತು "ವಾಹ್" ಅನ್ನುತ್ತಾರೆ. ನನ್ನ ಕಾರ್ಡುಗಳಿಗೆ ಯಾರೂ ವಾಹ್ ಅಂದಿರಲಿಲ್ಲ, ಕಪಾಟಿನಲ್ಲಿ ಜಾಗ ಸಾಲದು ಅಂದಿದ್ದರು. ಮೊದಲು ಮೇಡಂ ಮಧ್ಯಾಹ್ನ ನನ್ನ ಡಬ್ಬಿಯಿಂದ ನೀರುದೋಸೆ ತೆಗೆದುಕೊಳ್ಳುತ್ತಿದ್ದರು. ಈಗ ಅವಳ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಸುಕೇಶ್, ಅಂದರೆ ನನ್ನ ಗಂಡ, "ರೊಟ್ಟಿಗೂ ದೋಸೆಗೂ ಜಗಳವಾ ನಿಂದು?" ಎಂದು ತಮಾಷೆ ಮಾಡಿದಾಗ ಎರಡು ದಿನ ಮಾತು ಬಿಟ್ಟಿದ್ದೆ.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಹೊಸ ಜನಗಣತಿಯ ಅಂಕಿ ಬರುವ ಮೊದಲು 2011ರ ಪಟ್ಟಿಯನ್ನು ಹೊಸದಾಗಿ ಕಟ್ಟಿಡಬೇಕಿತ್ತು. ಅಚ್ಚು ಸಿದ್ಧವಿದ್ದರೆ ಹೊಸ ಅಂಕಿಯನ್ನು ಸುರಿದರಾಯಿತು. ಅದೇ ಪಟ್ಟಿಯಿಂದ ಒಂದೊಂದು ವರ್ಗಕ್ಕೆ ನಾಲ್ಕು ಊರಿನಂತೆ ಚೀಟಿ ಎತ್ತಿ ಕ್ಷೇತ್ರ ಸಮೀಕ್ಷೆಗೆ ಕಳಿಸಬೇಕು. ತಯಾರಿಸಿದವಳು ರಂಜನಾ, ತಾಳೆ ನೋಡುವವಳು ನಾನು.

ತಾಳೆ ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ, ನಾನೇ ಮಾಡಿದ್ದು. ತಯಾರಿಸಿದವರು ಮೂಲ ಪುಸ್ತಕದಿಂದ ಅಂಕಿಯನ್ನು ಗಟ್ಟಿಯಾಗಿ ಓದಬೇಕು, ತಾಳೆ ನೋಡುವವರು ಹಾಳೆಯ ಮೇಲೆ ಸ್ಟೀಲಿನ ಅಳತೆಪಟ್ಟಿ ಇಟ್ಟು ಸಾಲು ಸಾಲಾಗಿ ಹಸಿರು ಪೆನ್ಸಿಲಿನಲ್ಲಿ ಗೀಟು ಹಾಕಬೇಕು. ತಪ್ಪಿದ್ದ ಕಡೆ ಅಂಚಿನಲ್ಲಿ ಒಂದು ಚುಕ್ಕಿ. ಕೊನೆಗೆ ಕೆಳಗಡೆ ಸಹಿ. ಆ ಮಂಗಳವಾರ ರಂಜನಾ ಪುಸ್ತಕ ಹಿಡಿದುಕೊಂಡು ಬಂದಳು, "ಓದ್ಲೇನ್ರಿ ಅಕ್ಕಾರ?"

"ಬೇಡ. ಇಟ್ಟು ಹೋಗು. ನಾನೊಬ್ಬಳೇ ನೋಡ್ತೇನೆ."

ಅವಳ ದನಿ ಕೇಳುವುದು ಬೇಡವಾಗಿತ್ತು, ಅಷ್ಟೇ.

ಹನ್ನೊಂದನೇ ಹಾಳೆಯಲ್ಲಿ ಅದು ಸಿಕ್ಕಿತು. ಶೇಳಪುರ. ಪುರಸಭೆಯ ಗಡಿಯೊಳಗಿನ ಜನ 49,312. ಗಡಿಗೆ ಅಂಟಿಕೊಂಡು ಒಂದು ಕಾರ್ಖಾನೆಯ ಕ್ವಾರ್ಟರ್ಸ್ ಇದೆ. ಕಾನೂನಿನ ಪ್ರಕಾರ ಅದು ಪಕ್ಕದ ಹಳ್ಳಿಯ ನೆಲ, ಆದರೆ ರಸ್ತೆ, ದೀಪ, ನಳ್ಳಿ ಎಲ್ಲ ಪಟ್ಟಣದ ಹಾಗೆಯೇ. ಇಂಥದ್ದಕ್ಕೆ ಜನಗಣತಿಯಲ್ಲಿ ಔಟ್‌ಗ್ರೋತ್ ಅನ್ನುತ್ತಾರೆ. ಅಲ್ಲಿನ ಜನ 1,206. ಎರಡೂ ಸೇರಿ 50,518. ನಾವು ಮಾಡುತ್ತಿದ್ದ ಪಟ್ಟಿಯಲ್ಲಿ ಪಟ್ಟಣವನ್ನೂ ಅದಕ್ಕೆ ಅಂಟಿದ್ದನ್ನೂ ಸೇರಿಸಿ ಒಂದೇ ಘಟಕವೆಂದು ಹಿಡಿಯಬೇಕು. ಮುಂಬೈಯನ್ನು ಠಾಣೆ, ಕಲ್ಯಾಣ, ನವಿ ಮುಂಬೈಗಳ ಜೊತೆ ಸೇರಿಸಿ ಒಂದೇ ಸಾಲಿನಲ್ಲಿ ಬರೆಯುವುದೂ ಇದೇ ನಿಯಮದಿಂದ. ಹಾಗಾಗಿ ಶೇಳಪುರ ಎರಡನೇ ವರ್ಗ. ಹಾಳೆಯಲ್ಲಿ 50,518ರ ಪಕ್ಕದಲ್ಲೇ 'ಮೂರು' ಎಂದಿತ್ತು.

ಹೇಗಾಯಿತು ಎಂದು ನನಗೆ ಅರೆಕ್ಷಣದಲ್ಲಿ ಹೊಳೆಯಿತು. ಒಟ್ಟು ಜನಸಂಖ್ಯೆಯ ಕಾಲಂ ಸರಿಯಾಗಿಯೇ ಕೂಡಿಕೊಂಡಿತ್ತು. ವರ್ಗದ ಕಾಲಂ ಮಾತ್ರ ಆ ಮೊತ್ತವನ್ನು ನೋಡುವ ಬದಲು ಮೂಲ ಪಟ್ಟಣದ ಅಂಕಿಯನ್ನು ನೋಡುತ್ತಿತ್ತು. ಬೇರೆ ಊರುಗಳಲ್ಲಿ ಇದರಿಂದ ಏನೂ ಆಗುವುದಿಲ್ಲ. ಮುಂಬೈ ಒಂಟಿಯಾಗಿದ್ದರೂ ಒಂದನೇ ವರ್ಗ, ಜಂಟಿಯಾದರೂ ಒಂದನೇ ವರ್ಗ. ಗೆರೆಯ ಅಂಚಿನಲ್ಲಿ ನಿಂತಿದ್ದ ಶೇಳಪುರ ಒಂದೇ ಸಿಕ್ಕಿಬಿದ್ದಿತ್ತು. ರಾಜ್ಯದ ಮೊತ್ತ ಪೈಸೆ ಬಿಡದೆ ತಾಳೆಯಾಗುತ್ತಿದ್ದದ್ದರಿಂದ ರಂಜನಾಳಿಗೆ ಅನುಮಾನವೇ ಬಂದಿರಲಿಲ್ಲ.

ಅಂಚಿನಲ್ಲಿ ಹಸಿರು ಚುಕ್ಕಿ ಇಟ್ಟೆ. ಕೈ ತಾನೇ ಇಟ್ಟಿತು. ಆಮೇಲೆ ಆ ಚುಕ್ಕಿಯನ್ನು ನೋಡುತ್ತ ಕೂತೆ.

ಈಗ ಅವಳನ್ನು ಕರೆದು ತೋರಿಸಿದರೆ ಏನಾಗುತ್ತದೆ? "ಅಯ್ಯ, ಹೌದಲ್ರಿ ಅಕ್ಕಾರ" ಎಂದು ಕೆನ್ನೆಗೆ ಕೈ ಹಚ್ಚುತ್ತಾಳೆ, ಎರಡು ಗುಂಡಿ ಒತ್ತಿ ಸರಿಮಾಡುತ್ತಾಳೆ. ಶುಕ್ರವಾರ ತಪ್ಪಿಲ್ಲದ ಪಟ್ಟಿ ಪರದೆಯ ಮೇಲೆ ಬರುತ್ತದೆ. ವಾಹ್. ಇಪ್ಪತ್ತಾರು ವರ್ಷ ಇನ್ನೊಬ್ಬರ ತಪ್ಪು ತಿದ್ದಿ ಇನ್ನೊಬ್ಬರಿಗೆ ವಾಹ್ ಕೊಡಿಸಿದ್ದೇ ನನ್ನ ಕಸುಬು.

ರಬ್ಬರ್ ತೆಗೆದುಕೊಂಡು ಚುಕ್ಕಿಯನ್ನು ಅಳಿಸಿದೆ. ಅದೇ ಸಾಲಿಗೆ ಉಳಿದ ಸಾಲುಗಳ ಹಾಗೆ ಗೀಟು ಹಾಕಿದೆ. ಮನಸ್ಸಿಗೆ ಒಂದು ಸಮಾಧಾನವನ್ನೂ ಹೇಳಿಕೊಂಡೆ: ಕಾಗದದ ಮೇಲೆ ನೋಡಿದರೆ ತಾಳೆ ನೋಡುವವರ ಜವಾಬ್ದಾರಿ ಅಂಕಿ ಮತ್ತು ಮೊತ್ತ, ವರ್ಗ ಹಾಕಿದವರ ತಪ್ಪು ಹಾಕಿದವರಿಗೆ. ಈ ನಿಯಮವನ್ನು ಹಿಡಿದು ಮಾತಾಡುವವರನ್ನು ನಾನೇ ಎಷ್ಟು ಸಲ ಮೈಗಳ್ಳರು ಎಂದು ಬೈದಿಲ್ಲ? ಅದು ಆಗ ನೆನಪಾಗಲಿಲ್ಲ, ಅಥವಾ ನೆನಪಾಗುವುದು ಬೇಡವಾಗಿತ್ತು. ಕೊನೆಯ ಹಾಳೆಯ ಕೆಳಗೆ ದುಂಡಗೆ ಸಹಿ ಹಾಕಿದೆ.

ಬುಧವಾರ, ಗುರುವಾರ ಎರಡು ದಿನ ಸೊಗಸಾಗಿ ಕಳೆದವು. ಬೆಳಿಗ್ಗೆ ಸುಕೇಶ್ ಪೇಪರಿನಿಂದ ತಲೆಯೆತ್ತಿ, "ಎಂತ, ಪದ ಹೇಳ್ತಾ ದೋಸೆ ಹೊಯ್ತಾ ಇದ್ದಿ? ಹಂಗಾಮಿ ಹೋಯ್ತಾ?" ಎಂದರು.

"ಹೋಗ್ತದೆ, ನೋಡ್ತಾ ಇರಿ" ಎಂದೆ.

ಆದರೆ ಗುರುವಾರ ಸಂಜೆ ರಂಜನಾ ನನ್ನ ಮೇಜಿನ ಹತ್ತಿರ ನಿಂತು, "ಅಕ್ಕಾರ, ನಿಮ್ಮ ಸಹಿ ಬಿತ್ತಂದ್ರ ನಂಗ ನಿದ್ದಿ ಬರ್ತೈತಿ ನೋಡ್ರಿ" ಎಂದಳು. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. ಅವಳ ಮುಖ ನೋಡದೆ ಇರಲು ಅದೊಂದು ಉಪಾಯ ಸಿಕ್ಕಿತ್ತು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದೆ. ಅವಳು ಅದನ್ನು ಗಮನಿಸುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಮೀಟಿಂಗು. ವೈಶಾಲಿ ಮೇಡಂ, ನಾನು, ರಂಜನಾ, ಕ್ಷೇತ್ರ ಸಮೀಕ್ಷೆ ನೋಡಿಕೊಳ್ಳುವ ಚೇತನ. ಚೇತನ ಹೆಚ್ಚು ಮಾತಿನವನಲ್ಲ, ಆದರೆ ರಾಜ್ಯದ ಬಸ್ ಸ್ಟ್ಯಾಂಡುಗಳಲ್ಲಿ ಅವನು ಚಹಾ ಕುಡಿಯದ ಜಾಗವಿಲ್ಲ. ಎರಡು ವರ್ಷದ ಹಿಂದೆ ಶೇಳಪುರದಲ್ಲಿ ಅವನು ಒಂದು ವಾರ ಇದ್ದ ಎಂಬುದು ನನಗೆ ನೆನಪಿತ್ತು. ನನ್ನ ಲೆಕ್ಕಾಚಾರವೆಲ್ಲ ಅವನ ಮೇಲೆಯೇ ನಿಂತಿತ್ತು.

ರಂಜನಾ ಪರದೆಯ ಮೇಲೆ ಎರಡನೇ ವರ್ಗದ ಪಟ್ಟಿ ಹಾಕಿದಳು. ಚೇತನ ಕುತ್ತಿಗೆ ಮುಂದೆ ಚಾಚಿದ. ಒಮ್ಮೆ ಮೇಲಿನಿಂದ ಕೆಳಗೆ, ಒಮ್ಮೆ ಕೆಳಗಿನಿಂದ ಮೇಲೆ ಓದಿದ.

"ಶೇಳಪುರ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದ. "ಹಿಂದಿನ ಸಮೀಕ್ಷೆಯಲ್ಲಿ ನಾನು ಅದನ್ನು ಎರಡನೇ ವರ್ಗದ ಊರು ಅಂತಲೇ ಮಾಡಿದ್ದೆ. ಅಂಕಿ ಇದೇ 2011ರದ್ದು. ಈಗ ಹೇಗೆ ಇಳಿಯಿತು?"

ಆ ಒಂದು ನಿಮಿಷ ನನ್ನದು. ಅದನ್ನು ಪೂರ್ತಿ ಅನುಭವಿಸಿದೆ. ರಂಜನಾಳ ಕಿವಿ ಕೆಂಪಾಯಿತು, ಲ್ಯಾಪ್‌ಟಾಪಿನ ಮೇಲೆ ಬೆರಳು ತಡವರಿಸಿತು. ನಾನು ಲೋಟದಿಂದ ನಿಧಾನವಾಗಿ ನೀರು ಕುಡಿದೆ. ನೀರು ಅಷ್ಟು ರುಚಿಯಾಗಿರುತ್ತದೆಂದು ಅಂದೇ ಗೊತ್ತಾದದ್ದು.

ಆದರೆ ಅದು ನಿಜಕ್ಕೂ ಒಂದೇ ನಿಮಿಷ. ಅವಳು ತಪ್ಪನ್ನು ಹುಡುಕಿ, ತಲೆಯೆತ್ತಿ, "ಸಾರಿ ಮೇಡಂ. ತಪ್ಪು ನನ್ನದು. ವರ್ಗ ಹಾಕುವ ಕಾಲಂ ಔಟ್‌ಗ್ರೋತ್ ಬಿಟ್ಟ ಅಂಕಿಯನ್ನು ನೋಡುತ್ತಿದೆ. ಬೇರೆ ಯಾವುದಾದರೂ ಊರು ಹೀಗೆ ಜಾರಿದೆಯಾ ಎಂದು ಈಗಲೇ ನೋಡುತ್ತೇನೆ" ಎಂದಳು. ನೋಡಿದಳು. ಇರಲಿಲ್ಲ. ಸರಿಮಾಡಿದಳು. ಪರದೆಯ ಮೇಲೆ ಶೇಳಪುರ ಹಾರಿ ಎರಡನೇ ವರ್ಗದ ಕೊನೆಯ ಸಾಲಿನಲ್ಲಿ ಕೂತಿತು. ನೆಪವಿಲ್ಲ, ಕಣ್ಣೀರಿಲ್ಲ. ತಪ್ಪು ಮಾಡುವುದರಲ್ಲೂ ಈ ಹುಡುಗಿಗೆ ನನಗಿಂತ ಹೆಚ್ಚು ಅಚ್ಚುಕಟ್ಟು ಎಂದು ಮತ್ತೆ ಹೊಟ್ಟೆ ಉರಿಯಿತು.

ವೈಶಾಲಿ ಮೇಡಂ ಅವಳಿಗೆ ಏನೂ ಅನ್ನಲಿಲ್ಲ. ಮುದ್ರಿತ ಹಾಳೆಗಳನ್ನು ತಿರುವಿ ಹನ್ನೊಂದನೆಯದನ್ನು ನೋಡಿದರು, ಕೊನೆಯ ಹಾಳೆಯ ಸಹಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿದ್ದಿದ್ದರೆ ನಾನು ತಯಾರಿದ್ದೆ. ನಿಯಮದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ವಿನೋದಿನಿ ಜೀ," ಎಂದು ಮೆಲ್ಲಗೆ ಕೇಳಿದರು, "ಐವತ್ತು ಸಾವಿರದ ಪಕ್ಕದಲ್ಲೇ ಮೂರು ಅಂತ ಇದೆ. ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?"

ನನ್ನ ಬಾಯಿ ತೆರೆಯುವ ಮೊದಲೇ ರಂಜನಾ ನಡುವೆ ಬಂದಳು. "ಮೇಡಂ, ಅದೂ ನನ್ನದೇ ತಪ್ಪು. ಅಷ್ಟು ಸಣ್ಣ ಅಕ್ಷರದಲ್ಲಿ ಪ್ರಿಂಟ್ ಕೊಟ್ಟವಳು ನಾನು. ಅಕ್ಕನಿಗೆ ಈಚೆಗೆ ಕಣ್ಣಿನ ತೊಂದರೆ ಇದೆ. ಕನ್ನಡಕ ಎಷ್ಟು ಒರೆಸಿಕೊಂಡರೂ ಸ್ಪಷ್ಟವಾಗುವುದಿಲ್ಲ, ನಾನು ನೋಡಿದ್ದೇನೆ. ಪಾಪ, ಹೇಳಿಕೊಳ್ಳುವುದಿಲ್ಲ."

ಚೇತನ ನನ್ನನ್ನು ನೋಡಿದ. ಅವನ ಮುಖದಲ್ಲೂ ಅದೇ ಪಾಪ.

ನಿಯಮದ ಮಾತು ಹೇಳಬಹುದಿತ್ತು, ಯಾರು ನಂಬುತ್ತಿದ್ದರು? ವಿನೋದಿನಿ ಮೊತ್ತ ಮಾತ್ರ ನೋಡುವವಳಲ್ಲ ಎಂದು ಇಡೀ ಆಫೀಸಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷ ಹಾಗೆ ಗೊತ್ತಾಗುವಂತೆ ಮಾಡಿದವಳೂ ನಾನೇ. ಹಾಗಾಗಿ ಈಗ ಉಳಿದದ್ದು ಎರಡೇ ದಾರಿ. ಕಾಣಲಿಲ್ಲ ಅನ್ನಬೇಕು, ಅಥವಾ ಕಂಡೂ ಸುಮ್ಮನಿದ್ದೆ ಅನ್ನಬೇಕು. ನಾನು ಮೇಜಿನ ಮೇಲಿನ ಲೋಟವನ್ನು ನೋಡುತ್ತ ಕೂತೆ. ನನ್ನ ಮೌನವನ್ನು ಅವರು ಒಪ್ಪಿಗೆ ಎಂದು ತಿಳಿದರು.

ವೈಶಾಲಿ ಮೇಡಂ ನನ್ನ ಕೈಯ ಮೇಲೆ ಕೈ ಇಟ್ಟರು. ಎಷ್ಟು ಮಾಡಿದ್ದೀರಿ ನೀವು, ಎಂದರು. ಇನ್ನು ಹೊಸ ಅಂಕಿಗಳು ಬಂದರೆ ಹಗಲಿಡೀ ಸಣ್ಣಕ್ಷರದ ಕೆಲಸ, ನಿಮ್ಮ ಮೇಲೆ ಹೊರಿಸುವುದು ಅನ್ಯಾಯ, ಎಂದರು. ವಿಭಾಗ ರಂಜನಾಳಿಗೆ. ತಾಳೆ ನೋಡುವ ಕೆಲಸವೂ ಸೋಮವಾರದಿಂದ ಬೇರೆಯವರಿಗೆ. ನೀವು ಸಲಹೆ ಕೊಡುತ್ತ ಆರಾಮವಾಗಿ ಇರಿ. ಹಂಗಾಮಿ ಎಂಬ ಪದ ಅಳಿಯಿತು, ಅದರ ಮುಂದಿದ್ದದ್ದೂ ಅದರ ಜೊತೆಗೇ ಹೋಯಿತು.

ಮೂರು ಗಂಟೆಗೆ ರಂಜನಾ ನನ್ನ ಮೇಜಿಗೆ ಬಂದಳು. ಕೈಯಲ್ಲಿ ಒಂದು ದಪ್ಪ ಕಟ್ಟು. ತಿದ್ದಿದ ಪಟ್ಟಿಯನ್ನು ನನಗಾಗಿ ಮಕ್ಕಳ ಪಾಠದ ಪುಸ್ತಕದಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಂದಿದ್ದಳು. ಹನ್ನೆರಡು ಹಾಳೆ ಇದ್ದದ್ದು ನಲವತ್ತಾಗಿತ್ತು. ಮೇಲೆ ಒಂದು ಚೀಟಿ, ಸಯನ್ನಿನ ಒಬ್ಬ ಕಣ್ಣಿನ ಡಾಕ್ಟರರ ವಿಳಾಸ.

"ಅಕ್ಕಾರ, ಸೋಮವಾರ ಹತ್ತಕ್ಕ ನಂಬರ್ ಹಚ್ಚೀನ್ರಿ. ನಮ್ಮವ್ವಗೂ ಇವರ ಪೊರಿ ತಗದ್ರು. ಈಗ ಸೂಜ್ಯಾಗ ದಾರ ತಾನ ಪೋಣಸ್ತಾಳ. ನಾನೂ ಬರ್ತೀನಿ ನಿಮ್ಮ ಜೋಡಿ." ಆಮೇಲೆ ದನಿ ತಗ್ಗಿಸಿ, "ವಿಭಾಗದ್ದು ನಾ ಕೇಳಿದ್ದಲ್ರಿ. ನೀವ ಇರಬೇಕಿತ್ತು ಅಲ್ಲಿ. ನಂಗ ಬ್ಯಾಸರ ಆತ್ರಿ" ಎಂದಳು.

ನಿಜವಾಗಿಯೂ ಅವಳಿಗೆ ಬೇಸರವಾಗಿತ್ತು. ಕಣ್ಣಲ್ಲಿ ನೀರು ಬಂದಿತ್ತು. ಮೀಟಿಂಗಿನಲ್ಲಿ ತನ್ನ ತಪ್ಪಿಗೆ ಬಾರದ ಕಣ್ಣೀರು ನನ್ನ ಕಣ್ಣಿಗಾಗಿ ಬಂದಿತ್ತು. ಆ ಚೀಟಿಯನ್ನು ತೆಗೆದುಕೊಂಡು, "ದೇವರು ಒಳ್ಳೇದು ಮಾಡ್ಲಿ" ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ವಿಭಾಗ, ನನಗೆ ಮರ್ಯಾದೆ. ಡಾಕ್ಟರು ಕಣ್ಣು ನೋಡಿ ಏನೂ ಇಲ್ಲ ಅನ್ನುತ್ತಿದ್ದರು, ಎಲ್ಲರೂ ಸಂತೋಷಪಡುತ್ತಿದ್ದರು.

ನನ್ನಿಂದಾಗಲಿಲ್ಲ. ಆ ದೊಡ್ಡ ಅಕ್ಷರಗಳು! ಈ ಹುಡುಗಿ ನನ್ನ ಕುರ್ಚಿ ತೆಗೆದುಕೊಂಡಳು, ಇರಲಿ. ಇನ್ನು ಮುಂದೆ 'ಪಾಪ, ಅಕ್ಕನಿಗೆ ಕಣ್ಣು ಕಾಣುವುದಿಲ್ಲ' ಎಂದು ಮೆಟ್ಟಿಲಲ್ಲಿ ಕೈ ಹಿಡಿದು ಇಳಿಸುತ್ತಾಳೆ. ಐನೂರು ಊರುಗಳಲ್ಲಿ ಜಾರಿದ ಒಂದೇ ಒಂದು ಊರನ್ನು ಅವಳ ಯಂತ್ರ ಹಿಡಿಯಲಿಲ್ಲ, ನಾನು ಹಿಡಿದಿದ್ದೆ. ಅದು ಯಾರಿಗೂ ಗೊತ್ತಾಗದೆ ಹೋಗುವುದನ್ನು ಸಹಿಸುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಡ್ರಾಯರ್ ಎಳೆದು, ಮೀಟಿಂಗ್ ಮುಗಿದ ಮೇಲೆ ತಂದಿಟ್ಟಿದ್ದ ತಾಳೆ ನೋಡಿದ ಹಳೆಯ ಹಾಳೆಗಳನ್ನು ತೆಗೆದೆ. ಹನ್ನೊಂದನೆಯದನ್ನು ಅವಳ ಮುಂದೆ ಇಟ್ಟೆ.

"ಶೇಳಪುರದ ಸಾಲಿನ ಅಂಚು ನೋಡು."

ಅವಳು ಬಗ್ಗಿದಳು. "ಏನೂ ಇಲ್ಲಲ್ರಿ."

"ಬೆರಳಾಡಿಸು."

ತೋರುಬೆರಳನ್ನು ಅಂಚಿನ ಮೇಲೆ ಸರಿಸಿದಳು. ಬೆರಳು ನಿಂತಿತು. ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಪೆನ್ಸಿಲಿನ ಮೊನೆ ಒತ್ತಿದ ಗುಳಿ, ಸುತ್ತ ರಬ್ಬರಿನಿಂದ ಒರಟಾದ ಕಾಗದ, ಅದರೊಳಗೆ ಹೋಗದೆ ಉಳಿದ ಒಂದಿಷ್ಟು ಹಸಿರು. ಚುಕ್ಕಿ ಎಂದರೆ ಏನೆಂದು ಅವಳಿಗೆ ಕಲಿಸಿದವಳು ನಾನೇ.

"ನನ್ನ ಕಣ್ಣಿಗೆ ಎಂತದೂ ಆಗ್ಲಿಲ್ಲ" ಎಂದೆ. "ನಂಗೆ ಮಂಗಳವಾರವೇ ಕಂಡಿತ್ತು."

ನನ್ನನ್ನು ಬೈಯಲಿ, ಮೇಡಂ ಹತ್ತಿರ ಓಡಲಿ ಎಂದು ಕಾದೆ. ಅವಳು ಎರಡನ್ನೂ ಮಾಡಲಿಲ್ಲ. ಹಾಳೆಯನ್ನು ಅಂಚು ಸರಿಮಾಡಿ ನನ್ನ ಮೇಜಿನ ಮೇಲೆ ಇಟ್ಟಳು. ದೊಡ್ಡ ಅಕ್ಷರದ ಕಟ್ಟನ್ನು ಎತ್ತಿಕೊಂಡಳು, ಡಾಕ್ಟರರ ಚೀಟಿಯನ್ನು ಮಡಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ಆತ್ರಿ ಮೇಡಂ" ಎಂದಳು.

ಮೂರು ವರ್ಷದಲ್ಲಿ ನನ್ನನ್ನು ಅವಳು ಮೇಡಂ ಎಂದು ಕರೆದದ್ದು ಅದೇ ಮೊದಲು. ತನ್ನ ಕುರ್ಚಿಗೆ ಹೋಗಿ ಕೂತು ಮತ್ತೆ ಕೆಲಸ ಶುರುಮಾಡಿದಳು. ಅವಳು ಅಷ್ಟು ಬೇಗ ಕೆಲಸಕ್ಕೆ ಮರಳಿದ್ದನ್ನು ಕಂಡು ನನಗೆ ಆಗಲೂ ಹೊಟ್ಟೆ ಉರಿಯಿತು.